ಇನ್ವರ್ಟರ್ ಬ್ಯಾಟರಿನಾ, ಸಣ್ಣ ಜನರೇಟರಾ? ಲೆಕ್ಕ ಗೊತ್ತಿದ್ದವರು ಹೇಳಿ

ಮೊಂಬತ್ತಿ

ಬೇಸಿಗೆಯಲ್ಲಿ ಎರಡು ತಿಂಗಳು ನಮ್ಮ ಮನೆಯಲ್ಲಿ ದಿನಾ ಸಂಜೆ ಮೂರು ಗಂಟೆ ಕರೆಂಟ್ ಇರುವುದಿಲ್ಲ. ಉಳಿದ ತಿಂಗಳುಗಳಲ್ಲಿ ಅಪರೂಪಕ್ಕೆ ಹೋಗುತ್ತದೆ. ಆದರೆ ವರ್ಷಕ್ಕೆ ಮೂರ್ನಾಲ್ಕು ಸಲ ಬೆಳಗ್ಗೆ ಹೋದದ್ದು ಸಂಜೆಗೇ ಬರುವುದು. ನಡೆಯಬೇಕಾದ್ದು ಮೂರು ಫ್ಯಾನು, ಐದು ಎಲ್‌ಇಡಿ ಬಲ್ಬು, ಒಂದು ರೂಟರ್. ಫ್ರಿಜ್, ಟಿವಿ ಬೇಡ.

ಪೆಟ್ರೋಲಿಗೆ ಸುರಿದೇ ಮುಗಿದುಹೋಗ್ತೀರಿ ಅಂತ ಇನ್ವರ್ಟರ್ ಮಾರುವವರು ಹೆದರಿಸಿದರು. ಬ್ಯಾಟರಿ ಮೂರು ವರ್ಷಕ್ಕೆ ಸತ್ತೇ ಸಾಯುತ್ತದೆ ಅಂತ ಜನರೇಟರ್ ಮಾರುವವರು ಹೆದರಿಸಿದರು. ಕೊಳ್ಳುವ ಖರ್ಚು, ಇಂಧನ, ಮೇಂಟೆನೆನ್ಸ್ ಮೂರನ್ನೂ ಸೇರಿಸಿ ಯಾವುದು ಕಡಿಮೆ ಬೀಳುತ್ತದೆ?

ಗುಡುಗುಡು

ಕಣ್ಣುಮುಚ್ಚಿ ಜನರೇಟರ್ ತಗೊಳ್ಳಿ. ನಮ್ಮ ಮನೆಯದು 2.5 ಕೆವಿಎ, ಹನ್ನೊಂದು ವರ್ಷ ಆಯಿತು, ಇನ್ನೂ ಓಡುತ್ತಿದೆ. ಅಷ್ಟರಲ್ಲಿ ಪಕ್ಕದ ಮನೆಯವರು ಮೂರು ಬ್ಯಾಟರಿ ಬದಲಾಯಿಸಿದ್ದಾರೆ. ನಿಮ್ಮ ಲೋಡ್ ಬಹಳ ಕಡಿಮೆ, ಹಾಗಾಗಿ ಪೆಟ್ರೋಲೂ ಸ್ವಲ್ಪವೇ ಕುಡಿಯುತ್ತದೆ. ಯೋಚನೆ ಮಾಡುವುದೇನಿದೆ?

ಹಳೆ_ಸ್ಪ್ಯಾನರ್

ಗುಡುಗುಡು ಸಾರ್ ಹೇಳಿದ್ದರಲ್ಲಿ ಅರ್ಧ ಸರಿ. ಲೋಡ್ ಇಳಿದರೆ ಗಂಟೆಗೆ ಕುಡಿಯುವ ಪೆಟ್ರೋಲ್ ಇಳಿಯುತ್ತದೆ, ನಿಜ. ಆದರೆ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಮಾಮೂಲಿ ಜನರೇಟರಿನ ಇಂಜಿನ್ ಒಂದು ಬಲ್ಬಿಗೂ ಅಷ್ಟೇ ಸ್ಪೀಡಲ್ಲಿ ತಿರುಗಬೇಕು, ಪೂರ್ತಿ ಲೋಡಿಗೂ ಅಷ್ಟೇ ಸ್ಪೀಡಲ್ಲಿ ತಿರುಗಬೇಕು. ಪೆಟ್ರೋಲಿನ ದೊಡ್ಡ ಪಾಲು ಇಂಜಿನ್ ತನ್ನನ್ನು ತಾನು ತಿರುಗಿಸಿಕೊಳ್ಳುವುದಕ್ಕೇ ಹೋಗುತ್ತದೆ. ಹಾಗಾಗಿ ದೊಡ್ಡ ಮಷೀನ್ ತಂದು ಸಣ್ಣ ಲೋಡ್ ಹಾಕಿದರೆ ಒಂದು ಯೂನಿಟ್ ಕರೆಂಟಿಗೆ ಬೀಳುವ ಖರ್ಚು ಜಾಸ್ತಿಯೇ.

ನಾನು ಇಪ್ಪತ್ತು ವರ್ಷ ಎರಡನ್ನೂ ರಿಪೇರಿ ಮಾಡಿದವನು. ಯಾವುದರ ಪರವೂ ಅಲ್ಲ. ಮೊಂಬತ್ತಿ ಅವರ ಲೋಡನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ.

ಹಳೆ ಮಾದರಿಯ ಸೀಲಿಂಗ್ ಫ್ಯಾನಿಗೆ 75 ವ್ಯಾಟ್ ಹಿಡಿದರೆ ಮೂರಕ್ಕೆ 225. ಬಲ್ಬು 9ರಂತೆ ಐದಕ್ಕೆ 45. ರೂಟರ್ 10. ಒಟ್ಟು 280 ವ್ಯಾಟ್. ಮೂರು ಗಂಟೆಗೆ 840 ವ್ಯಾಟ್ ಅವರ್, ಅಂದರೆ ಒಂದು ಯೂನಿಟ್‌ಗೂ ಸ್ವಲ್ಪ ಕಡಿಮೆ.

ಇಷ್ಟನ್ನು ಇನ್ವರ್ಟರಿಂದ ಪಡೆಯಬೇಕಾದರೆ, ಇನ್ವರ್ಟರ್ ತಾನು ತಿನ್ನುವ ಪಾಲೂ ಸೇರಿ ಬ್ಯಾಟರಿಯಿಂದ ಸುಮಾರು ಒಂದು ಯೂನಿಟ್ ಹೊರಗೆ ಬರಬೇಕು. ಅದನ್ನು ವಾಪಸ್ ತುಂಬುವಾಗ ಚಾರ್ಜರ್ ಬಿಸಿಯಾಗುತ್ತದೆ, ಬ್ಯಾಟರಿ ಬಿಸಿಯಾಗುತ್ತದೆ, ಅಲ್ಲೂ ಸೋರಿಕೆ. ಕೊನೆಗೆ ಮೀಟರಿನಲ್ಲಿ ಸುಮಾರು ಒಂದೂವರೆ ಯೂನಿಟ್ ಓಡಿರುತ್ತದೆ.

ಇದೇ ಕೆಲಸವನ್ನು 1 ಕೆವಿಎ ಜನರೇಟರ್, ಅದೂ ಲೋಡ್ ನೋಡಿ ಇಂಜಿನ್ ಸ್ಪೀಡ್ ಇಳಿಸಿಕೊಳ್ಳುವ ಇನ್ವರ್ಟರ್ ಜನರೇಟರ್ ಮಾಡಿದರೆ, ಗಂಟೆಗೆ ಸುಮಾರು ಮೂರನೇ ಒಂದು ಲೀಟರ್. ಮೂರು ಗಂಟೆಗೆ ಒಂದು ಲೀಟರ್. ಗುಡುಗುಡು ಅವರ 2.5 ಕೆವಿಎ ಮಷೀನ್ ಇದಕ್ಕೆ ಹೆಚ್ಚುಕಡಿಮೆ ಎರಡರಷ್ಟು ಕುಡಿಯಬಹುದು.

ಒಂದು ಸಂಜೆಗೆ ಒಂದು ಕಡೆ ಒಂದೂವರೆ ಯೂನಿಟ್, ಇನ್ನೊಂದು ಕಡೆ ಒಂದು ಲೀಟರ್. ನಿಮ್ಮ ಊರಿನ ದರ ಹಾಕಿ ನೋಡಿ. ಇಂಧನದ ಲೆಕ್ಕದಲ್ಲಿ ಜನರೇಟರ್ ಹತ್ತಿರಕ್ಕೂ ಬರುವುದಿಲ್ಲ. ಪ್ರಶ್ನೆ ಇರುವುದು ಬ್ಯಾಟರಿ ಸವೆಯುವ ಖರ್ಚಿನಲ್ಲಿ.

ತೋಟದ_ಹುಡುಗ

ನನ್ನದೂ ಇದೇ ಪ್ರಶ್ನೆ ಅಣ್ಣ. 1 ಎಚ್‌ಪಿ ನೀರಿನ ಮೋಟರ್ ದಿನಕ್ಕೆ ಅರ್ಧ ಗಂಟೆ ಓಡಿಸಬೇಕು. 1 ಎಚ್‌ಪಿ ಅಂದರೆ 746 ವ್ಯಾಟ್ ಅಲ್ವಾ? 1 ಕೆವಿಎ ಇನ್ವರ್ಟರ್ ಸಾಕಾಗುತ್ತದೆ ತಾನೇ?

ಹಳೆ_ಸ್ಪ್ಯಾನರ್

ಇದು ಬೇರೆಯೇ ಪ್ರಶ್ನೆ ತಮ್ಮಾ. 746 ವ್ಯಾಟ್ ಅಂದರೆ ಮೋಟರ್ ಹೊರಗೆ ಕೊಡುವ ಶಕ್ತಿ. ಒಳಗೆ ಎಳೆದುಕೊಳ್ಳುವುದು ಸಾವಿರದ ಆಸುಪಾಸು. ಸ್ಟಾರ್ಟ್ ಆಗುವ ಗಳಿಗೆಯಲ್ಲಿ ಅದರ ನಾಲ್ಕೈದು ಪಟ್ಟು ಎಳೆಯುತ್ತದೆ. 1 ಕೆವಿಎ ಇನ್ವರ್ಟರ್ ಓವರ್‌ಲೋಡ್ ಅಂತ ಕೂಗಿ ನಿಲ್ಲುತ್ತದೆ. 1 ಕೆವಿಎ ಜನರೇಟರ್ ಹಾಕಿದರೆ ಇಂಜಿನ್ ಗೊರಗೊರ ಅಂದು ಕುಗ್ಗುತ್ತದೆ, ಮೋಟರ್ ತಿರುಗದೆ ಗುಂಯ್ ಅಂತ ಬಿಸಿಯಾಗುತ್ತದೆ. ನಿನಗೆ 3 ಕೆವಿಎ ಆಸುಪಾಸಿನ ಜನರೇಟರೇ ಸರಿ. ಅಥವಾ ಮೇಲೆ ದೊಡ್ಡ ಟ್ಯಾಂಕ್ ಇಟ್ಟು, ಕರೆಂಟ್ ಇದ್ದಾಗ ತುಂಬಿಸಿಕೋ. ಅದು ಎಲ್ಲಕ್ಕಿಂತ ಕಡಿಮೆ ಖರ್ಚು.

ಲೆಕ್ಕದ_ಪುಸ್ತಕ

ಬ್ಯಾಟರಿ ಸವೆಯುವ ಖರ್ಚನ್ನೂ ಹಾಕಿ ಸಾರ್, ಅಲ್ಲೇ ಎಲ್ಲ ಅಡಗಿದೆ. ಒಬ್ಬೊಬ್ಬರ ಕಡೆ ಒಂದೊಂದು ದರ ಇರುವುದರಿಂದ ನಾನೊಂದು ಉಪಾಯ ಮಾಡುತ್ತೇನೆ. ಎಲ್ಲ ಖರ್ಚನ್ನೂ ಪೆಟ್ರೋಲ್ ಲೀಟರಿನಲ್ಲೇ ಅಳೆಯೋಣ. ಬ್ಯಾಟರಿಯ ಬೆಲೆಯನ್ನು ಒಂದು ಲೀಟರ್ ಪೆಟ್ರೋಲಿನ ಬೆಲೆಯಿಂದ ಭಾಗಿಸಿದರೆ ಅದು ಎಷ್ಟು ಲೀಟರಿನ ಬ್ಯಾಟರಿ ಅಂತ ಗೊತ್ತಾಗುತ್ತದೆ.

ಸುಮ್ನೆ ಉದಾಹರಣೆಗೆ ಹೀಗೆ ಇಟ್ಟುಕೊಳ್ಳಿ. 150 ಎಎಚ್ ಟ್ಯೂಬುಲರ್ ಬ್ಯಾಟರಿ 150 ಲೀಟರಿಗೆ ಸಮ. ಇನ್ವರ್ಟರ್ 70 ಲೀಟರ್. ಜನರೇಟರ್ 300 ಲೀಟರ್. ಕರೆಂಟ್ ಹದಿನಾಲ್ಕು ಯೂನಿಟ್‌ಗೆ ಒಂದು ಲೀಟರ್. ಇವು ನಾನು ಹಿಡಿದ ಅಂಕಿಗಳು ಮಾತ್ರ, ನಿಮ್ಮದನ್ನು ನೀವು ಹಾಕಿಕೊಳ್ಳಿ.

ಬ್ಯಾಟರಿ ಐದು ವರ್ಷ ಬಂದರೆ ವರ್ಷಕ್ಕೆ 30 ಲೀಟರ್. ಇನ್ವರ್ಟರ್ ಹತ್ತು ವರ್ಷ ಬಂದರೆ 7. ಅರವತ್ತು ಸಂಜೆಗೆ 90 ಯೂನಿಟ್ ಕರೆಂಟ್, ಅದು ಆರೂವರೆ ಲೀಟರ್. ಒಟ್ಟು 44ರ ಹತ್ತಿರ.

ಜನರೇಟರ್ ಹತ್ತು ವರ್ಷಕ್ಕೆ ಹಂಚಿದರೆ 30, ಪೆಟ್ರೋಲ್ 60, ಆಯಿಲ್, ಪ್ಲಗ್, ಫಿಲ್ಟರ್, ಮೆಕ್ಯಾನಿಕ್ ಕೂಲಿ ಎಲ್ಲ ಸೇರಿ 15 ಅಂದುಕೊಳ್ಳೋಣ. ಒಟ್ಟು 105.

ಹಳೆ_ಸ್ಪ್ಯಾನರ್

ಚೆನ್ನಾಗಿದೆ ಲೆಕ್ಕ. ಒಂದು ಬಿಟ್ಟಿದ್ದೀರಿ. ಕರೆಂಟ್ ಹೋಗದ ದಿನವೂ ಇನ್ವರ್ಟರ್ ಸುಮ್ಮನಿರುವುದಿಲ್ಲ. ಅದರ ಸರ್ಕ್ಯೂಟ್ ಎಚ್ಚರವಾಗಿರಬೇಕು, ಬ್ಯಾಟರಿಗೆ ಸಣ್ಣಗೆ ಚಾರ್ಜ್ ಹೋಗುತ್ತಿರಬೇಕು. ಎಲ್ಲ ಸೇರಿ 15 ವ್ಯಾಟ್ ಹಿಡಿದರೂ ವರ್ಷಕ್ಕೆ 130 ಯೂನಿಟ್. ನಿಮ್ಮ ಅರವತ್ತು ಸಂಜೆಯ ಚಾರ್ಜಿಂಗ್‌ಗಿಂತ ಇದೇ ಜಾಸ್ತಿ, ನೋಡಿ. ಬಿಲ್ಲಿನಲ್ಲಿ ಯಾರಿಗೂ ಕಾಣುವುದಿಲ್ಲ.

ಲೆಕ್ಕದ_ಪುಸ್ತಕ

ಅಯ್ಯೋ, ಇದು ನನಗೆ ಹೊಳೆಯಲೇ ಇಲ್ಲ. ಹಾಗಾದರೆ ಇನ್ನೊಂದು ಒಂಬತ್ತು ಲೀಟರ್ ಸೇರಿಸಿ, ಇನ್ವರ್ಟರ್ ಕಡೆ 53. ಜನರೇಟರ್ ಕಡೆ 105. ಮೊಂಬತ್ತಿ ಅವರ ಸಂಜೆ ಕಟ್‌ಗಳಿಗೆ ಇನ್ವರ್ಟರ್ ಅರ್ಧ ಖರ್ಚಿನಲ್ಲಿ ಮುಗಿಯುತ್ತದೆ.

ಆದರೆ ಕರೆಂಟ್ ಹೋಗುವುದು ವರ್ಷಕ್ಕೆ ಏಳೆಂಟು ಸಂಜೆ ಮಾತ್ರ ಆಗಿದ್ದರೆ? ಬ್ಯಾಟರಿ ಉಪಯೋಗಿಸದೆ ಇಟ್ಟರೂ ವಯಸ್ಸಾಗುತ್ತದೆ, ಆ 30 ಲೀಟರ್ ಇಳಿಯುವುದಿಲ್ಲ. ಸುಮ್ಮನಿರುವಾಗ ತಿನ್ನುವ ಕರೆಂಟೂ ಇಳಿಯುವುದಿಲ್ಲ. ಇನ್ವರ್ಟರ್ 47ರ ಹತ್ತಿರ ಬರುತ್ತದೆ. ಜನರೇಟರಿಗೆ ಪೆಟ್ರೋಲ್ ಎಂಟೇ ಲೀಟರ್, ಮೇಂಟೆನೆನ್ಸ್ ಹತ್ತಕ್ಕೆ ಇಳಿದೀತು, ಅದೂ 48. ಎರಡೂ ಸರಿಸಮ. ಅಲ್ಲಿಂದ ಕೆಳಗೆ ಜನರೇಟರಿಗೆ ಮೇಲುಗೈ.

ಗುಡುಗುಡು

ಐದು ವರ್ಷ ಬ್ಯಾಟರಿ ಬರುತ್ತದೆ ಅಂತ ಯಾರು ಹೇಳಿದ್ದು? ಪಕ್ಕದ ಮನೆಯದು ಮೂರೂವರೆ ವರ್ಷಕ್ಕೊಮ್ಮೆ ಹೋಗಿದೆ ಅಂದೆನಲ್ಲ. ಮೂರು ವರ್ಷ ಹಾಕಿ ಲೆಕ್ಕ ಮಾಡಿ ನೋಡೋಣ.

ಲೆಕ್ಕದ_ಪುಸ್ತಕ

ಮಾಡಿದೆ. ಬ್ಯಾಟರಿಗೆ ವರ್ಷಕ್ಕೆ 50 ಲೀಟರ್ ಆಗುತ್ತದೆ, ಒಟ್ಟು 73. ಅರವತ್ತು ಸಂಜೆ ಇದ್ದರೆ ಆಗಲೂ ಜನರೇಟರಿನ 105 ದಾಟುವುದಿಲ್ಲ. ಆದರೆ ಹದಿನೈದೇ ಸಂಜೆ ಇದ್ದರೆ ನೀವು ಗೆದ್ದಿರಿ. ಆಗ ಇನ್ವರ್ಟರ್ 68, ಜನರೇಟರ್ 55.

ಹಳೆ_ಸ್ಪ್ಯಾನರ್

ಪಕ್ಕದ ಮನೆಯ ಬ್ಯಾಟರಿ ಯಾಕೆ ಬೇಗ ಸತ್ತಿತು ಅಂತ ಕೇಳಿದ್ದೀರಾ ಗುಡುಗುಡು ಸಾರ್? ನನ್ನ ಹತ್ತಿರ ಬರುತ್ತಿದ್ದ ಸತ್ತ ಬ್ಯಾಟರಿಗಳಲ್ಲಿ ಬಹಳಷ್ಟು ಎರಡೇ ಕಾರಣಕ್ಕೆ ಸತ್ತಿರುತ್ತಿದ್ದವು. ಒಂದು, ನೀರು ನೋಡಿಲ್ಲ. ಎರಡು, ಪೂರ್ತಿ ಚಾರ್ಜ್ ಆಗಲು ಬಿಟ್ಟಿಲ್ಲ.

ಎರಡನೆಯದು ಜನರಿಗೆ ಗೊತ್ತೇ ಆಗುವುದಿಲ್ಲ. ಮೊಂಬತ್ತಿ ಅವರ ಲೋಡಿಗೆ ಒಂದು ಸಂಜೆಗೆ ಬ್ಯಾಟರಿಯಿಂದ ಸುಮಾರು 80 ಎಎಚ್ ಖಾಲಿಯಾಗುತ್ತದೆ. ಚಾರ್ಜರ್ 15 ಆಂಪಿಯರಿನದು ಅಂದರೆ ಆರು ಗಂಟೆಗೆ ತುಂಬಬೇಕು ಅಂತ ಅನಿಸುತ್ತದೆ. ತುಂಬುವುದಿಲ್ಲ. ಮುಕ್ಕಾಲು ಭಾಗ ಚುರುಕಾಗಿ ಹೋಗುತ್ತದೆ, ಕೊನೆಯ ಭಾಗ ಆಮೆ ನಡಿಗೆ. ಒಂಬತ್ತು ಹತ್ತು ಗಂಟೆ ಬೇಕು. ಅಷ್ಟರೊಳಗೆ ಮತ್ತೆ ಕರೆಂಟ್ ಹೋದರೆ ಬ್ಯಾಟರಿ ಅರೆಹೊಟ್ಟೆಯಲ್ಲೇ ಮತ್ತೆ ಕೆಲಸಕ್ಕೆ ಇಳಿಯುತ್ತದೆ. ಹೀಗೇ ವಾರಗಟ್ಟಲೆ ನಡೆದರೆ ಒಳಗಿನ ಪ್ಲೇಟಿನ ಮೇಲೆ ಬಿಳಿ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಬಿಡುವುದಿಲ್ಲ. ಚಾರ್ಜಿಂಗ್ ದೀಪ ಬೇಗ ಫುಲ್ ತೋರಿಸುತ್ತದೆ, ಕರೆಂಟ್ ಹೋದ ಅರ್ಧ ಗಂಟೆಗೆ ಬೀಪ್ ಬೀಪ್.

ಮೊಂಬತ್ತಿ ಅವರಿಗೆ ಸಂಜೆ ಮಾತ್ರ ಹೋಗುತ್ತದೆ, ರಾತ್ರಿಯೆಲ್ಲ ತುಂಬಿಕೊಳ್ಳುತ್ತದೆ. ಅವರ ಬ್ಯಾಟರಿ ಐದು ವರ್ಷ ಬಂದರೆ ನನಗೆ ಆಶ್ಚರ್ಯವಿಲ್ಲ. ದಿನಕ್ಕೆ ಮೂರು ನಾಲ್ಕು ಸಲ, ಒಟ್ಟು ಏಳೆಂಟು ಗಂಟೆ ಹೋಗುವ ಕಡೆ ಇದೇ ಬ್ಯಾಟರಿ ಎರಡು ವರ್ಷವೂ ಬಾರದಿರಬಹುದು.

ಮೂರನೇ_ಮಹಡಿ

ನಾನು ಅಪಾರ್ಟ್‌ಮೆಂಟಿನಲ್ಲಿದ್ದೇನೆ. ಬಾಲ್ಕನಿಯಲ್ಲಿ ಸಣ್ಣ ಜನರೇಟರ್ ಇಟ್ಟು ಬಾಗಿಲು ಹಾಕಿಕೊಂಡರೆ ಆಗುತ್ತದಲ್ಲ? ಸದ್ದೇನೂ ಅಷ್ಟು ಇಲ್ಲವಂತೆ.

ಹಳೆ_ಸ್ಪ್ಯಾನರ್

ಖಂಡಿತ ಬೇಡ ಸ್ವಾಮಿ. ಸದ್ದಿನ ಮಾತಲ್ಲ, ಹೊಗೆಯ ಮಾತು. ಅದರಲ್ಲಿರುವ ಕಾರ್ಬನ್ ಮೋನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಬಾಗಿಲ ಸಂದಿಯಿಂದ ಒಳಗೆ ಬರುತ್ತದೆ, ಮಲಗಿದವರು ಮಲಗಿದಲ್ಲೇ ಹೋಗುತ್ತಾರೆ. ಮನೆಯ ಬಾಗಿಲು ಕಿಟಕಿಗಳಿಂದ ಇಪ್ಪತ್ತು ಅಡಿಯಾದರೂ ದೂರ, ಬಯಲಿನಲ್ಲಿ ಇಡಬೇಕು. ಅಷ್ಟು ಜಾಗ ಇಲ್ಲದವರಿಗೆ ಜನರೇಟರ್ ಲೆಕ್ಕವೇ ಬೇಡ.

ಇನ್ನೊಂದು ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಜನರೇಟರಿನ ವೈರನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚಿ ಮನೆಗೆಲ್ಲ ಕರೆಂಟ್ ಕೊಡುವವರಿದ್ದಾರೆ. ಮೇನ್ ಸ್ವಿಚ್ ಇಳಿಸಲು ಮರೆತರೆ ಆ ಕರೆಂಟ್ ಹೊರಗಿನ ಲೈನಿಗೆ ಹೋಗುತ್ತದೆ, ಕಂಬ ಹತ್ತಿದ ಲೈನ್‌ಮನ್ ಸಾಯುತ್ತಾನೆ. ಚೇಂಜ್‌ಓವರ್ ಸ್ವಿಚ್ ಮತ್ತು ಅದರ ವೈರಿಂಗ್ ಖರ್ಚನ್ನು ಜನರೇಟರಿನ ಬೆಲೆಗೇ ಸೇರಿಸಿಕೊಳ್ಳಿ.

ಮೊಂಬತ್ತಿ

ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ಎರಡು ಅನುಮಾನ. ಆ ಇಡೀ ದಿನದ ಕಟ್‌ಗೆ ಬ್ಯಾಟರಿ ಸಾಲುತ್ತದಾ? ಮತ್ತೆ ಮೇಂಟೆನೆನ್ಸ್ ಅಂದರೆ ನಿಜವಾಗಿ ಏನು ಮಾಡಬೇಕು? ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ ಇರುವುದು.

ಹಳೆ_ಸ್ಪ್ಯಾನರ್

ಮೊದಲನೆಯದಕ್ಕೆ, ಹಾಗೇ ಓಡಿಸಿದರೆ ಸಾಲುವುದಿಲ್ಲ ಮೇಡಂ. 150 ಎಎಚ್ ಅಂತ ಬರೆದಿರುವುದು ಇಪ್ಪತ್ತು ಗಂಟೆ ನಿಧಾನವಾಗಿ ಖಾಲಿ ಮಾಡಿದರೆ ಸಿಗುವ ಲೆಕ್ಕ. 280 ವ್ಯಾಟ್ ಎಳೆದರೆ ಅಷ್ಟು ಸಿಗುವುದಿಲ್ಲ. ಹೊಸದರಲ್ಲಿ ನಾಲ್ಕು ಗಂಟೆ ಚಿಲ್ಲರೆ, ಮೂರು ವರ್ಷ ಆದ ಮೇಲೆ ಮೂರು ಗಂಟೆ ಅಂದುಕೊಳ್ಳಿ. ಆದರೆ ಒಂದು ಫ್ಯಾನು, ಒಂದು ಬಲ್ಬು, ರೂಟರ್ ಮಾತ್ರ ಇಟ್ಟರೆ ಹತ್ತು ಗಂಟೆ ದಾಟಿಸಬಹುದು. ಲೋಡ್ ಇಳಿದಷ್ಟೂ ಬ್ಯಾಟರಿ ಉದಾರವಾಗುತ್ತದೆ, ಜನರೇಟರ್ ಹಾಗಲ್ಲ.

ಎರಡನೆಯದು. ಟ್ಯೂಬುಲರ್ ಬ್ಯಾಟರಿಗೆ ತಿಂಗಳಿಗೊಮ್ಮೆ ನೀರಿನ ಮಟ್ಟ ನೋಡಿ. ಸೂಚಕ ಕೆಳಗಿಳಿದಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಗುರುತಿಗಿಂತ ಮೇಲೆ ತುಂಬಬೇಡಿ. ನಲ್ಲಿ ನೀರು ಹಾಕಿದರೆ ಅದರಲ್ಲಿನ ಲವಣ ಪ್ಲೇಟನ್ನು ಹಾಳು ಮಾಡುತ್ತದೆ. ಟರ್ಮಿನಲ್ ಮೇಲೆ ಹಸಿರು ಅಥವಾ ಬಿಳಿ ಹೂವು ಕಟ್ಟಿದರೆ ಒರೆಸಿ ಪೆಟ್ರೋಲಿಯಂ ಜೆಲ್ಲಿ ಸವರಿ. ಆರು ತಿಂಗಳಿಗೊಮ್ಮೆ ಅದೇ ಮೂರು ಫ್ಯಾನು, ಐದು ಬಲ್ಬು ಹಾಕಿ ಮೇನ್ ಇಳಿಸಿ, ಎರಡು ಗಂಟೆ ಆದ ಮೇಲೆ ವೋಲ್ಟೇಜ್ ಎಷ್ಟಿದೆ ಅಂತ ಬರೆದಿಡಿ. ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ದೊಡ್ಡ ವ್ಯತ್ಯಾಸ ಬಂದರೆ ಹೈಡ್ರೋಮೀಟರ್ ಇರುವವರಿಂದ ಆರೂ ಸೆಲ್ ನೋಡಿಸಿ. ಐದು ಸೆಲ್ ಒಂದೇ ಥರ ಇದ್ದು ಒಂದು ಮಾತ್ರ ಬಹಳ ಕೆಳಗಿದ್ದರೆ ಆ ಸೆಲ್ ಹೋಗುತ್ತಿದೆ ಅಂತಲೇ. ಒಂದು ಸೆಲ್ ಹೋದರೆ ಇಡೀ ಬ್ಯಾಟರಿ ಹೋದ ಹಾಗೆ.

ಜನರೇಟರಿನಲ್ಲಿ ಹೊಸ ಮಷೀನಿನ ಮೊದಲ ಆಯಿಲನ್ನು ಇಪ್ಪತ್ತು ಗಂಟೆ ಓಡಿದ ಮೇಲೆ ಬದಲಾಯಿಸಬೇಕು. ಇದನ್ನೇ ಜನ ಮರೆಯುತ್ತಾರೆ. ಆಮೇಲೆ ನೂರು ಗಂಟೆಗೊಮ್ಮೆ, ಅಷ್ಟು ಓಡದಿದ್ದರೂ ಆರು ತಿಂಗಳಿಗೊಮ್ಮೆ. ನಿಮ್ಮ ಅರವತ್ತು ಸಂಜೆ ಅಂದರೆ 180 ಗಂಟೆ, ಒಂದೇ ಬೇಸಿಗೆಯಲ್ಲಿ ಒಂದೆರಡು ಸಲ ಆಯಿಲ್. ನಿಜವಾದ ತಲೆನೋವು ಓಡಿಸುವಾಗ ಅಲ್ಲ, ನಿಲ್ಲಿಸಿದಾಗ. ನಿಮಗೆ ಹತ್ತು ತಿಂಗಳು ಅದು ಮೂಲೆಯಲ್ಲಿ ಕೂರುತ್ತದೆ. ಒಳಗೆ ಉಳಿದ ಪೆಟ್ರೋಲ್ ಹಳಸಿ ಅಂಟಾಗುತ್ತದೆ, ಕಾರ್ಬೊರೇಟರಿನ ಕೂದಲೆಳೆಯಂಥ ತೂತು ಮುಚ್ಚಿಹೋಗುತ್ತದೆ. ಬೇಸಿಗೆ ಮುಗಿದಾಗ ಟ್ಯಾಂಕ್ ಖಾಲಿ ಮಾಡಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಬೇಕು. ಇಲ್ಲದಿದ್ದರೆ ಮುಂದಿನ ವರ್ಷ ಚೋಕ್ ಎಳೆದರೆ ಮಾತ್ರ ಓಡುತ್ತದೆ, ಸದ್ದು ಏರುತ್ತಾ ಇಳಿಯುತ್ತಾ ಇರುತ್ತದೆ. ಆ ಸದ್ದು ಕೇಳಿದರೆ ಕಾರ್ಬೊರೇಟರ್ ಬಿಚ್ಚುವ ಖರ್ಚು ಬಂತು ಅಂತ ತಿಳಿಯಿರಿ.

ಗುಡುಗುಡು

ಅದು ನಿಜ. ಪ್ರತಿ ವರ್ಷ ಮೊದಲ ಸಲ ಹಗ್ಗ ಎಳೆದು ಎಳೆದು ತೋಳು ಬಿದ್ದುಹೋಗುತ್ತದೆ. ಒಮ್ಮೆ ಮೆಕ್ಯಾನಿಕ್ ಕಾರ್ಬೊರೇಟರ್ ಬದಲಾಯಿಸಬೇಕು ಅಂತ ಹೇಳಿ ದುಡ್ಡು ತಗೊಂಡು, ಬರೀ ತೊಳೆದು ಕೊಟ್ಟಿದ್ದ ಅಂತ ಈಗ ಅನುಮಾನ ಬರುತ್ತಿದೆ. ಆದರೂ ಇಡೀ ದಿನ ಕರೆಂಟ್ ಇಲ್ಲದಾಗ ನಮ್ಮ ಮನೆ ಫ್ರಿಜ್ ತಣ್ಣಗಿರುತ್ತದೆ. ಅದಕ್ಕೆ ಬೆಲೆ ಕಟ್ಟಿದ್ದೀರಾ ಲೆಕ್ಕದಲ್ಲಿ?

ಲೆಕ್ಕದ_ಪುಸ್ತಕ

ಇಲ್ಲ. ಮೊಂಬತ್ತಿ ಅವರೇ ಫ್ರಿಜ್ ಬೇಡ ಅಂದಿದ್ದಾರೆ. ಬೇಕು ಅಂದವರ ಲೆಕ್ಕ ಬೇರೆಯಾಗುತ್ತದೆ, ಒಪ್ಪುತ್ತೇನೆ.

ಮೂರನೇ_ಮಹಡಿ

ಲಿಥಿಯಂ ಬ್ಯಾಟರಿ ಬಂದಿದೆಯಲ್ಲ, ಅದರ ಬಗ್ಗೆ ಯಾಕೆ ಯಾರೂ ಮಾತಾಡುತ್ತಿಲ್ಲ? ನೀರೂ ಹಾಕಬೇಕಿಲ್ಲ, ಹತ್ತು ವರ್ಷ ಬರುತ್ತದಂತೆ.

ಹಳೆ_ಸ್ಪ್ಯಾನರ್

ಒಳ್ಳೆಯದೇ. ಬೇಗ ತುಂಬುತ್ತದೆ, ಅರೆಹೊಟ್ಟೆಯಲ್ಲಿ ಇದ್ದರೂ ಕೆಡುವುದಿಲ್ಲ. ಹಾಗಾಗಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಕಡೆ ಅದಕ್ಕೆ ಅರ್ಥವಿದೆ. ಆದರೆ ಹಳೆ ಇನ್ವರ್ಟರಿನ ಚಾರ್ಜರ್ ಅದಕ್ಕೆ ಹೊಂದಬೇಕು. ಇನ್ನು ಹತ್ತು ವರ್ಷದ ಮಾತು. ಸೆಲ್ ಅಷ್ಟು ಬರಬಹುದು. ಒಳಗಿನ ಸರ್ಕ್ಯೂಟ್ ಬೋರ್ಡ್ ಅಷ್ಟು ಬರುತ್ತದಾ, ಹೋದರೆ ಬಿಡಿಭಾಗ ಸಿಗುತ್ತದಾ? ನಾನು ಬಿಚ್ಚಿದ್ದು ಕೆಲವೇ ಕೆಲವು, ಪಣ ಕಟ್ಟುವುದಿಲ್ಲ.

ಲೆಕ್ಕದ_ಪುಸ್ತಕ

ನಾನು ಇನ್ನೊಂದು ಕಡೆಯಿಂದ ಹೇಳುತ್ತೇನೆ. ಬ್ಯಾಟರಿ ದೊಡ್ಡದು ಮಾಡುವ ಬದಲು ಲೋಡ್ ಸಣ್ಣದು ಮಾಡಿ. ಹಳೆ ಮೂರು ಫ್ಯಾನು ತೆಗೆದು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ 280 ವ್ಯಾಟ್ ಇದ್ದದ್ದು 145ಕ್ಕೆ ಬರುತ್ತದೆ. ಬ್ಯಾಟರಿ ಸಂಜೆಗೆ ಅರ್ಧದಷ್ಟೇ ಖಾಲಿಯಾಗುತ್ತದೆ, ಬೇಗ ತುಂಬುತ್ತದೆ. ಉಳಿದ ದಿನಗಳ ಬಿಲ್ಲೂ ಇಳಿಯುತ್ತದೆ.

ಗುಡುಗುಡು

ಮೂರು ಹೊಸ ಫ್ಯಾನಿನ ದುಡ್ಡು ಎಷ್ಟು ಲೀಟರ್ ಆಗುತ್ತದೆ ಅಂತಲೂ ಬರೆಯಿರಿ ಮಾರಾಯ್ರೆ! ಬಿಟ್ಟರೆ ಮನೆಯನ್ನೇ ಹೊಸದಾಗಿ ಕಟ್ಟಿ ಅನ್ನುತ್ತೀರಿ.

ಮೊಂಬತ್ತಿ

ಒಂದು ತಿಂಗಳ ನಂತರ ಬರುತ್ತಿದ್ದೇನೆ. ಕ್ಯಾಲೆಂಡರಿನಲ್ಲಿ ಕರೆಂಟ್ ಹೋದದ್ದು, ಬಂದದ್ದು ಎಲ್ಲ ಬರೆದಿಟ್ಟೆ. ನಾನು ಮೂರು ಗಂಟೆ ಅಂದುಕೊಂಡಿದ್ದು ಸರಾಸರಿ ಎರಡೂ ಕಾಲು ಗಂಟೆ ಇದೆ! ಆದರೆ ಬೆಳಗಿನ ಜಾವವೂ ಮುಕ್ಕಾಲು ಗಂಟೆ ಹೋಗುತ್ತದೆ, ಮಲಗಿದ್ದರಿಂದ ಇಷ್ಟು ದಿನ ಗೊತ್ತಾಗಿರಲಿಲ್ಲ. ರಾತ್ರಿ ಎಂಟಕ್ಕೆ ಬಂದ ಕರೆಂಟ್ ನಾಲ್ಕೂವರೆಗೆ ಹೋಗುತ್ತದೆ, ಐದೂ ಕಾಲಿಗೆ ಬರುತ್ತದೆ.

ಇನ್ವರ್ಟರ್, 150 ಎಎಚ್ ಟ್ಯೂಬುಲರ್ ಹಾಕಿಸಿದೆ. ಮಲಗುವ ಕೋಣೆಗಳ ಎರಡು ಫ್ಯಾನು ಮಾತ್ರ ಬದಲಾಯಿಸಿದೆ, ಹಾಲಿನದು ಹಳೆಯದೇ. ಬ್ಯಾಟರಿಯನ್ನು ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಇಡಿ, ಕಾಣುವುದಿಲ್ಲ ಅಂತ ಹಾಕಲು ಬಂದವರು ಹೇಳಿದರು. ಅಲ್ಲೇ ಇಟ್ಟಿದ್ದೇವೆ.

ಹಳೆ_ಸ್ಪ್ಯಾನರ್

ಎರಡು ಫ್ಯಾನು ಬದಲಾಯಿಸಿದ್ದರಿಂದ ಎಂಟೂವರೆ ಗಂಟೆಯಲ್ಲಿ ಬ್ಯಾಟರಿ ಆರಾಮಾಗಿ ತುಂಬುತ್ತದೆ. ಬೆಳಗಿನ ಮುಕ್ಕಾಲು ಗಂಟೆ ದೊಡ್ಡ ವಿಷಯವಲ್ಲ, ಆಮೇಲೆ ಇಡೀ ಹಗಲು ಇದೆ.

ಕಪಾಟಿನ ಬಾಗಿಲು ತೆಗೆಸಿ. ಚಾರ್ಜ್ ಆಗುವಾಗ ಬ್ಯಾಟರಿ ಬಿಡುವುದು ಹೈಡ್ರೋಜನ್, ಅದಕ್ಕೆ ಗಾಳಿ ಆಡಬೇಕು. ಸೆಕೆಯೂ ಬ್ಯಾಟರಿಗೆ ಶತ್ರು. ಅಲ್ಲದೆ ಮುಚ್ಚಿದ ಕಪಾಟಿನೊಳಗಿರುವ ನೀರಿನ ಮಟ್ಟವನ್ನು ಯಾರೂ ಬಗ್ಗಿ ನೋಡುವುದಿಲ್ಲ.

ಮೊಂಬತ್ತಿ

ಬಾಗಿಲು ಬಿಚ್ಚಿಸಿದೆ ಸಾರ್. ನೀರು ನೋಡುವ ಕೆಲಸ ಅತ್ತೆ ವಹಿಸಿಕೊಂಡಿದ್ದಾರೆ, ಪ್ರತಿ ತಿಂಗಳು ಒಂದನೇ ತಾರೀಕು. ಇಡೀ ದಿನದ ಕಟ್ ಇನ್ನೂ ಬಂದಿಲ್ಲ.

ಗುಡುಗುಡು

ಬಂದ ದಿನ ಹೇಳಿ. ಫ್ರಿಜ್ಜಿನ ಸಾಮಾನು ನಮ್ಮ ಮನೆಗೆ ತಂದಿಡಿ, ಜನರೇಟರ್ ಓಡುತ್ತಿರುತ್ತದೆ.